ಒರೆಸುವ ಬಟ್ಟೆ, ಸ್ಪಂಜು, ಮಾಪ್: ಮೆಷಿನ್ನಿನಲ್ಲಿ ಯಾವುದಕ್ಕೆ ಬಿಸಿ, ಯಾವುದಕ್ಕೆ ಬ್ಲೀಚು

ಒಗೆದು, ಒಣಗಿಸಿ, ಮಡಚಿಟ್ಟ ಅಡುಗೆಮನೆಯ ಬಟ್ಟೆಗೆ ಯಾವ ವಾಸನೆಯೂ ಇರುವುದಿಲ್ಲ. ಅದನ್ನೇ ಬಿಸಿನೀರಿನಲ್ಲಿ ಅದ್ದಿ, ಹಿಂಡಿ, ಮೂಗಿನ ಹತ್ತಿರ ಹಿಡಿದು ನೋಡಿ. ಹಳೆಯ ಮುಗ್ಗಲು ವಾಸನೆ ಮತ್ತೆ ಎದ್ದು ಬಂದರೆ ಬಟ್ಟೆಯ ಕೊಳೆ ಹೋಗಿದೆ, ಬ್ಯಾಕ್ಟೀರಿಯಾ ಹೋಗಿಲ್ಲ ಎಂದು ತಿಳಿಯಬೇಕು. ನೂಲಿನ ಒಳಗೆ ಜಿಡ್ಡಿನ ತೆಳು ಪದರ ಉಳಿದಿರುತ್ತದೆ, ಆ ಪದರದ ಮರೆಯಲ್ಲಿ ಅವು ಉಳಿದುಕೊಂಡಿರುತ್ತವೆ. ನೀರು ತಾಗಿದ ಕೂಡಲೇ ಮತ್ತೆ ಬೆಳೆಯಲು ಶುರುಮಾಡುತ್ತವೆ.

ಇವನ್ನು ಮೆಷಿನ್ನಿನಲ್ಲೇ ಕೊಲ್ಲಲು ನಾಲ್ಕು ದಾರಿಗಳಿವೆ: ಬಿಸಿನೀರು, ಆಕ್ಸಿಜನ್ ಬ್ಲೀಚು, ಕ್ಲೋರಿನ್ ಬ್ಲೀಚು, ಮತ್ತು ಕೊನೆಯ ರಿನ್ಸ್‌ಗೆ ಹಾಕುವ ಸ್ಯಾನಿಟೈಸರ್ ದ್ರವ. ಇವುಗಳಲ್ಲಿ ಯಾವುದು ಹೆಚ್ಚು ಪ್ರಬಲ ಎಂದು ನೋಡಿ ಆರಿಸಿದರೆ ತಪ್ಪಾಗುತ್ತದೆ. ಕೈಯಲ್ಲಿರುವುದು ಹತ್ತಿಯೋ, ಮೈಕ್ರೋಫೈಬರೋ, ಸ್ಪಂಜೋ ಎಂಬುದು ಮೊದಲ ಪ್ರಶ್ನೆ. ನಿಮ್ಮ ಮೆಷಿನ್ನು ನಿಜಕ್ಕೂ ಎಷ್ಟು ಬಿಸಿಯಾಗುತ್ತದೆ ಎಂಬುದು ಎರಡನೆಯದು. ಈ ಎರಡಕ್ಕೆ ಉತ್ತರ ಸಿಕ್ಕಿದರೆ ನಾಲ್ಕರಲ್ಲಿ ಎರಡು ದಾರಿಗಳು ತಾವಾಗಿಯೇ ಬಿದ್ದುಹೋಗುತ್ತವೆ.

ಮೆಷಿನ್ನಿನ ಬಿಸಿಯನ್ನು ಮೊದಲು ಅಳೆಯಿರಿ

ಗುಂಡಿಯ ಮೇಲೆ 60 ಎಂದು ಬರೆದಿದ್ದ ಮಾತ್ರಕ್ಕೆ ಡ್ರಮ್ಮಿನೊಳಗಿನ ನೀರು 60 ಡಿಗ್ರಿ ಸೆಲ್ಸಿಯಸ್ ಆಗುತ್ತದೆ ಎಂದೇನಿಲ್ಲ. ವಿದ್ಯುತ್ ಉಳಿಸುವ ಇಕೋ ಪ್ರೋಗ್ರಾಮ್‌ಗಳು ಹೆಚ್ಚು ಹೊತ್ತು ತಿರುಗಿ, ಕಡಿಮೆ ಬಿಸಿಯಲ್ಲೇ ಕೊಳೆ ತೆಗೆಯುವಂತೆ ರೂಪಿಸಿದವು. ಕೊಳೆ ಹೋಗುವುದಕ್ಕೆ ಅದು ಸಾಕು, ಬ್ಯಾಕ್ಟೀರಿಯಾ ಸಾಯುವುದಕ್ಕೆ ಸಾಲದು. ಬೇಗ ಮುಗಿಯುವ ಕ್ವಿಕ್ ವಾಶ್‌ನಲ್ಲಿ ಬಿಸಿ ಮೇಲೇರಲು ಸಮಯವೇ ಇರುವುದಿಲ್ಲ. ಹೀಟರ್ ಇಲ್ಲದ ಟಾಪ್ ಲೋಡ್ ಮೆಷಿನ್ನಿಗೆ ಕೊಳಾಯಿಯಿಂದ ಬಿಸಿನೀರು ಬಂದರೂ ತಣ್ಣನೆಯ ಡ್ರಮ್ಮು, ತಣ್ಣನೆಯ ಬಟ್ಟೆ ತಾಗಿ ಅದು ಕೆಲವು ಡಿಗ್ರಿ ಇಳಿಯುತ್ತದೆ. ಆಮೇಲೆ ಅದನ್ನು ಮೇಲೇರಿಸುವವರು ಯಾರೂ ಇಲ್ಲ.

ಅಳೆಯುವುದು ಕಷ್ಟವಲ್ಲ. ಮೆಷಿನ್ನಿನ ಡ್ರೈನ್ ಪೈಪನ್ನು ಬಕೆಟ್ಟಿಗೆ ಇಳಿಬಿಟ್ಟು ಗಟ್ಟಿಯಾಗಿ ಕಟ್ಟಿ. ಪಂಪು ಜೋರಾಗಿ ತಳ್ಳುವುದರಿಂದ ಪೈಪು ಜಿಗಿದು ಬಿಸಿನೀರು ಮೈಮೇಲೆ ಬೀಳಬಹುದು, ಅದಕ್ಕೇ ಕಟ್ಟುವುದು. ಮುಖ್ಯ ಒಗೆತ ಮುಗಿದು ಮೊದಲ ಬಾರಿ ನೀರು ಹೊರಬರುವಾಗ ಅಡುಗೆಯ ಥರ್ಮಾಮೀಟರ್ ಹಿಡಿಯಿರಿ. 55ರ ಮೇಲೆ ತೋರಿಸಿದರೆ ಆ ಪ್ರೋಗ್ರಾಮ್ ನಂಬಬಹುದು. 45ರ ಆಸುಪಾಸಿದ್ದರೆ ಅದು ಹೆಸರಿಗೆ ಮಾತ್ರ 60. ಆಗ "ಕಾಟನ್ 60" ಎಂಬ ಇಕೋ ಅಲ್ಲದ ಪ್ರೋಗ್ರಾಮನ್ನೋ, "ಹೈಜೀನ್" ಅಥವಾ "ಬೇಬಿ ಕೇರ್" ಎಂದಿರುವುದನ್ನೋ ಹಾಕಿ ಮತ್ತೊಮ್ಮೆ ಅಳೆಯಿರಿ. ಒಂದು ಎಚ್ಚರಿಕೆ: ಕೆಲವು ಮೆಷಿನ್ನುಗಳು 90 ಡಿಗ್ರಿಯ ನೀರನ್ನು ಹೊರಬಿಡುವ ಮೊದಲು ಅದಕ್ಕೆ ತಣ್ಣೀರು ಬೆರೆಸುತ್ತವೆ. ಹಾಗಾಗಿ ಈ ಅಳತೆ 60ರ ಪ್ರೋಗ್ರಾಮಿಗೆ ಹೊಂದುತ್ತದೆ, 90ಕ್ಕೆ ಹೊಂದುವುದಿಲ್ಲ.

ಬಿಸಿಯೊಂದರಿಂದಲೇ ಕೆಲಸ ಆಗಬೇಕಿದ್ದರೆ ಎಷ್ಟು ಬೇಕು? ಇಂಗ್ಲೆಂಡಿನ ಆಸ್ಪತ್ರೆಗಳ ಬಟ್ಟೆ ಒಗೆತಕ್ಕೆ ಇರುವ ಮಾರ್ಗಸೂಚಿಯಲ್ಲಿ 65 ಡಿಗ್ರಿಯಲ್ಲಿ ಕನಿಷ್ಠ 10 ನಿಮಿಷ, ಇಲ್ಲವೇ 71 ಡಿಗ್ರಿಯಲ್ಲಿ ಕನಿಷ್ಠ 3 ನಿಮಿಷ ಎಂದಿದೆ. ಬಟ್ಟೆಯ ಗಂಟಿನ ಒಳಗೂ ಅಷ್ಟೇ ಬಿಸಿ ತಲುಪಲು ಹೆಚ್ಚುವರಿ ಸಮಯವನ್ನು ಅದಕ್ಕೆ ಸೇರಿಸಿಕೊಳ್ಳಬೇಕು. ಮನೆಯ ಮೆಷಿನ್ನು ಈ ಮಟ್ಟಕ್ಕೆ ಏರುವುದು ಸಾಮಾನ್ಯವಾಗಿ 90ರ ಪ್ರೋಗ್ರಾಮಿನಲ್ಲಿ ಮಾತ್ರ. 60ರಲ್ಲಿ ಒಗೆಯುವವರು ಬಿಸಿಯ ಜೊತೆಗೆ ಇನ್ನೊಂದನ್ನು ಕೂಡಿಸಲೇಬೇಕು. ಆ ಇನ್ನೊಂದು ಎಂದರೆ ಆಕ್ಸಿಜನ್ ಬ್ಲೀಚು.

ಹತ್ತಿ ಬಟ್ಟೆಗೆ: 60 ಡಿಗ್ರಿ ಮತ್ತು ಆಕ್ಸಿಜನ್ ಬ್ಲೀಚು

ಆಕ್ಸಿಜನ್ ಬ್ಲೀಚು ಎಂದು ಮಾರುವ ಬಿಳಿ ಪುಡಿಯ ಸಾರ ಸೋಡಿಯಂ ಪರ್ಕಾರ್ಬೊನೇಟ್. ನೀರಿಗೆ ಬಿದ್ದೊಡನೆ ಇದು ವಾಶಿಂಗ್ ಸೋಡಾ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಆಗಿ ಒಡೆಯುತ್ತದೆ. ಪುಡಿಯ ತೂಕದ ಸುಮಾರು ಮೂರನೇ ಒಂದು ಭಾಗ ಪೆರಾಕ್ಸೈಡೇ. ಅಡುಗೆಮನೆಯ ಬಟ್ಟೆಗೆ ಇದು ಅಷ್ಟು ಚೆನ್ನಾಗಿ ಹೊಂದುವುದಕ್ಕೆ ಕಾರಣ ಈ ಜೋಡಿ ಕೆಲಸ. ಸೋಡಾ ಜಿಡ್ಡನ್ನು ಸಡಿಲಿಸಿ ಎಬ್ಬಿಸುತ್ತದೆ, ಮರೆ ಕಳೆದುಕೊಂಡ ಬ್ಯಾಕ್ಟೀರಿಯಾವನ್ನು ಪೆರಾಕ್ಸೈಡ್ ಹಿಡಿಯುತ್ತದೆ. ಆದರೆ ತಣ್ಣೀರಿನಲ್ಲಿ ಇದು ತೀರಾ ಮಂದ. 50ರಿಂದ 60 ಡಿಗ್ರಿಯಲ್ಲಿ ಚುರುಕಾಗುತ್ತದೆ. ಟಿಎಇಡಿ ಎಂಬ ಚುರುಕುಕಾರಕ ಬೆರೆತಿರುವ ಪುಡಿಯಾದರೆ 40ರಲ್ಲೂ ಕೆಲಸ ಮಾಡುತ್ತದೆ, ಏಕೆಂದರೆ ಆಗ ಪೆರಾಕ್ಸೈಡ್‌ಗಿಂತ ಪ್ರಬಲವಾದ ಪೆರಾಸಿಟಿಕ್ ಆಮ್ಲ ಹುಟ್ಟುತ್ತದೆ.

ಇಲ್ಲಿ ಡಿಟರ್ಜೆಂಟ್ ಪ್ಯಾಕೆಟ್ಟನ್ನು ತಿರುಗಿಸಿ ಓದುವುದು ಒಳ್ಳೆಯದು. ದ್ರವ ಡಿಟರ್ಜೆಂಟಿನಲ್ಲಿ ಸಾಮಾನ್ಯವಾಗಿ ಬ್ಲೀಚು ಇರುವುದಿಲ್ಲ, ಬಾಟಲಿಯಲ್ಲಿ ಅದು ಕೆಡದೆ ಉಳಿಯುವುದು ಕಷ್ಟ. ಬಣ್ಣದ ಬಟ್ಟೆಗೆಂದು ಮಾರುವ ಪುಡಿಯಲ್ಲೂ ಬೇಕೆಂದೇ ಬಿಟ್ಟಿರುತ್ತಾರೆ. ಪದಾರ್ಥಗಳ ಪಟ್ಟಿಯಲ್ಲಿ ಪರ್ಕಾರ್ಬೊನೇಟ್ ಇಲ್ಲದಿದ್ದರೆ ಬೇರೆಯಾಗಿ ತಂದು ಸೇರಿಸಬೇಕು.

ಒಂದು ವಾರದ ಲೆಕ್ಕ ಹಿಡಿಯೋಣ: ಹನ್ನೆರಡು ಹತ್ತಿಯ ಒರೆಸುವ ಬಟ್ಟೆ, ಏಳು ಕಿಲೋ ಫ್ರಂಟ್ ಲೋಡ್ ಮೆಷಿನ್ನು. ಹನ್ನೆರಡೂ ಸೇರಿ ಒಂದು ಕಿಲೋ ಕೂಡ ತೂಗಲಿಕ್ಕಿಲ್ಲ. ಅಷ್ಟು ಕಡಿಮೆ ಬಟ್ಟೆ ಸ್ಪಿನ್‌ನಲ್ಲಿ ಒಂದೇ ಕಡೆ ಗುಡ್ಡೆಯಾಗಿ ಮೆಷಿನ್ನು ತೂಕ ಸರಿಹೊಂದದೆ ತಡವರಿಸುತ್ತದೆ. ಆದ್ದರಿಂದ ನಾಲ್ಕೈದು ಬಿಳಿ ಹತ್ತಿ ಟವೆಲ್ ಜೊತೆಗೆ ಹಾಕಿ, ಡ್ರಮ್ಮಿನ ಅರ್ಧಕ್ಕಿಂತ ಸ್ವಲ್ಪ ಮೇಲೆ ಬರುವಷ್ಟು ಸಾಕು. ಒಳ ಉಡುಪು, ಮಗುವಿನ ಬಟ್ಟೆ ಇದರಲ್ಲಿ ಬೇಡ. ಹಾಕುವ ಮೊದಲು ಬಟ್ಟೆಗಳನ್ನು ಒದರಿ, ಅಂಟಿದ ಅಗುಳು ಚೂರುಗಳನ್ನು ಕೊಳಾಯಿಯ ಕೆಳಗೆ ತೊಳೆದುಬಿಡಿ. ಪೆರಾಕ್ಸೈಡ್‌ಗೆ ಬ್ಯಾಕ್ಟೀರಿಯಾ ಯಾವುದು, ಆಹಾರದ ಚೂರು ಯಾವುದು ಎಂಬ ಭೇದವಿಲ್ಲ. ಚೂರಿನ ಮೇಲೆ ಖರ್ಚಾದಷ್ಟು ಬ್ಯಾಕ್ಟೀರಿಯಾಕ್ಕೆ ಕಡಿಮೆಯಾಗುತ್ತದೆ.

30 ಗ್ರಾಂ ಪರ್ಕಾರ್ಬೊನೇಟ್, ಅಂದರೆ ಸುಮಾರು ಎರಡು ದೊಡ್ಡ ಚಮಚ, ನೇರ ಡ್ರಮ್ಮಿಗೆ ಬಟ್ಟೆಯ ಅಡಿಗೆ ಹಾಕಿ. ಡ್ರಾಯರಿನಲ್ಲಿ ಹಾಕಿದರೆ ಕೆಲವೊಮ್ಮೆ ಗಟ್ಟಿಯಾಗಿ ಅಲ್ಲೇ ಕೂರುತ್ತದೆ. ಡಿಟರ್ಜೆಂಟ್ ಅದರ ಜಾಗದಲ್ಲೇ ಇರಲಿ, ಪ್ಯಾಕೆಟ್ಟಿನ ಮೇಲೆ ಹೆಚ್ಚು ಕೊಳೆಗೆ ಎಂದು ಬರೆದ ಅಳತೆಯಲ್ಲಿ. ಸಾಫ್ಟ್‌ನರ್ ಬೇಡ. ಮೆಷಿನ್ನು ತಣ್ಣೀರು ತುಂಬಿಕೊಂಡು ತಾನೇ ನಿಧಾನವಾಗಿ ಬಿಸಿಯೇರಿಸುವಂಥದ್ದಾದರೆ ಇನ್ನೊಂದು ಲಾಭವಿದೆ: ಡಿಟರ್ಜೆಂಟಿನಲ್ಲಿರುವ ಎಂಜೈಮ್‌ಗಳು 30ರಿಂದ 50 ಡಿಗ್ರಿಯ ನಡುವೆ ಜಿಡ್ಡು, ಪ್ರೋಟೀನನ್ನು ಒಡೆದು ಮುಗಿಸುತ್ತವೆ, ಆಮೇಲೆ ಬಿಸಿ ಮತ್ತು ಬ್ಲೀಚಿನ ಸರದಿ. ಮೊದಲೇ ಸುಡುನೀರು ಸುರಿದರೆ ಹಾಲು, ಮೊಟ್ಟೆಯ ಕಲೆ ನೂಲಿಗೆ ಬೆಂದು ಅಂಟಿಕೊಳ್ಳುತ್ತದೆ.

ಹೀಟರ್ ಇಲ್ಲದ ಮೆಷಿನ್ನಿನವರು ಈ ಬಿಸಿಯ ಹಂತವನ್ನು ಬಕೆಟ್ಟಿಗೆ ವರ್ಗಾಯಿಸಿಕೊಳ್ಳಬಹುದು. 60 ಡಿಗ್ರಿಯ ಐದು ಲೀಟರ್ ನೀರಿಗೆ 30 ಗ್ರಾಂ ಪರ್ಕಾರ್ಬೊನೇಟ್ ಕದಡಿ, ಬಟ್ಟೆಗಳನ್ನು ಪೂರ್ತಿ ಮುಳುಗಿಸಿ, ಮೇಲೆ ತಟ್ಟೆ ಮುಚ್ಚಿ ಒಂದು ಗಂಟೆ ಬಿಡಿ. ಕೈಗವಸು ಹಾಕಿಕೊಂಡೇ ಮಾಡಿ, ಈ ನೀರು ಚರ್ಮವನ್ನು ಒರಟು ಮಾಡುತ್ತದೆ. ಆಮೇಲೆ ನೀರು ಸಹಿತ ಮೆಷಿನ್ನಿಗೆ ಸುರಿದು ಮಾಮೂಲಿ ಒಗೆತ ಓಡಿಸಿ. ಉಳಿದ ದ್ರಾವಣವನ್ನು ಬಾಟಲಿಗೆ ತುಂಬಿ ಬಿರಡೆ ಹಾಕಿ ಇಡಬೇಡಿ. ಆಕ್ಸಿಜನ್ ಹೊರಡುತ್ತಲೇ ಇರುತ್ತದೆ, ಒತ್ತಡ ಏರಿ ಬಾಟಲಿ ಸಿಡಿಯುತ್ತದೆ.

ಕ್ಲೋರಿನ್ ಬ್ಲೀಚು ಯಾವಾಗ?

ಬಿಸಿನೀರೇ ಸಿಗದಿದ್ದಾಗ, ಮತ್ತು ಬಟ್ಟೆ ಅಪ್ಪಟ ಬಿಳಿ ಹತ್ತಿಯಾಗಿದ್ದಾಗ. ಆ ಎರಡೂ ಕೂಡಿದರೆ ಇದಕ್ಕಿಂತ ಒಳ್ಳೆಯ ಆಯ್ಕೆಯಿಲ್ಲ, ಏಕೆಂದರೆ ಇದರ ಸಾರವಾದ ಸೋಡಿಯಂ ಹೈಪೋಕ್ಲೋರೈಟ್ ತಣ್ಣೀರಿನಲ್ಲೂ ಬೇಗ ಕೊಲ್ಲುತ್ತದೆ.

ಅಳತೆಯನ್ನು ನೀರಿನ ಲೆಕ್ಕದಲ್ಲಿ ಹಿಡಿಯಬೇಕು. ಶೇಕಡಾ 5ರ ಬ್ಲೀಚು 80 ಮಿಲಿಲೀಟರನ್ನು 20 ಲೀಟರ್ ನೀರಿಗೆ ಹಾಕಿದರೆ ಹತ್ತು ಲಕ್ಷ ಭಾಗಕ್ಕೆ 200 ಭಾಗದಷ್ಟು ಹೈಪೋಕ್ಲೋರೈಟ್ ಆಗುತ್ತದೆ. ಟಾಪ್ ಲೋಡ್ ಮೆಷಿನ್ನು 60 ಲೀಟರ್ ತುಂಬಿಕೊಂಡರೆ ಅದೇ ತೀವ್ರತೆಗೆ 240 ಮಿಲಿಲೀಟರ್ ಬೇಕು. ಅನೇಕರ ಬ್ಲೀಚು ಕೆಲಸ ಮಾಡದೆ ಹೋಗುವುದು ಇಲ್ಲೇ: ಚಿಕ್ಕ ಮೆಷಿನ್ನಿನ ಅಳತೆಯನ್ನು ದೊಡ್ಡ ನೀರಿಗೆ ಹಾಕಿರುತ್ತಾರೆ. ಇಲ್ಲವೇ ಬಾಟಲಿ ಹಳೆಯದಾಗಿರುತ್ತದೆ. ಹೈಪೋಕ್ಲೋರೈಟ್ ಬಿಸಿಲು, ಸೆಕೆಗೆ ತಾನಾಗಿಯೇ ಶಕ್ತಿ ಕಳೆದುಕೊಳ್ಳುತ್ತದೆ. ಕಿಟಕಿಯ ಬಳಿ ವರ್ಷಗಟ್ಟಲೆ ಇದ್ದ ಬಾಟಲಿಯಲ್ಲಿ ವಾಸನೆ ಉಳಿದಿದ್ದರೂ ಶೇಕಡಾ 5 ಉಳಿದಿರುವುದಿಲ್ಲ. ಒಗೆತ ಶುರುವಾದ ಐದು ನಿಮಿಷದ ಮೇಲೆ ಹಾಕಿ, ಅಷ್ಟರಲ್ಲಿ ಡಿಟರ್ಜೆಂಟ್ ಜಿಡ್ಡನ್ನು ಎಬ್ಬಿಸಿರುತ್ತದೆ. ಬ್ಲೀಚಿನ ಡ್ರಾಯರ್ ಇದ್ದರೆ ಮೆಷಿನ್ನೇ ಆ ಹೊತ್ತಿಗೆ ಎಳೆದುಕೊಳ್ಳುತ್ತದೆ. ಕೊನೆಗೆ ಒಂದು ರಿನ್ಸ್ ಹೆಚ್ಚಿಗೆ ಕೊಡಿ.

ಎರಡು ಬ್ಲೀಚುಗಳನ್ನು ಒಟ್ಟಿಗೆ ಹಾಕಿದರೆ ದುಪ್ಪಟ್ಟು ಕೆಲಸ ಆಗುತ್ತದೆ ಎಂದುಕೊಳ್ಳುವವರಿದ್ದಾರೆ. ಪೆರಾಕ್ಸೈಡ್ ಮತ್ತು ಹೈಪೋಕ್ಲೋರೈಟ್ ಒಂದನ್ನೊಂದು ತಿಂದುಹಾಕುತ್ತವೆ. ಕೊನೆಗೆ ಉಳಿಯುವುದು ಉಪ್ಪು, ನೀರು, ಆಕ್ಸಿಜನ್. ಅದು ಹಣ ದಂಡ ಅಷ್ಟೇ, ಆದರೆ ಕ್ಲೋರಿನ್ ಬ್ಲೀಚಿಗೆ ವಿನೆಗರ್ ಸೇರಿಸಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಬಾಗಿಲು ಮುಚ್ಚಿದ ಸಣ್ಣ ಕೋಣೆಯಲ್ಲಿ ಅದು ಜೀವಕ್ಕೆ ಅಪಾಯ. ವಿನೆಗರ್ ಅನ್ನು ಒಂಟಿಯಾಗಿ ರಿನ್ಸ್‌ಗೆ ಹಾಕುವುದರಲ್ಲಿ ಅಪಾಯವಿಲ್ಲ, ಪ್ರಯೋಜನವೂ ಇಲ್ಲ. ಶೇಕಡಾ 5ರ ವಿನೆಗರ್ 100 ಮಿಲಿಲೀಟರನ್ನು 15 ಲೀಟರ್ ನೀರಿಗೆ ಬೆರೆಸಿದರೆ ಉಳಿಯುವುದು ಶೇಕಡಾ 0.03 ಆಮ್ಲ. ಬ್ಯಾಕ್ಟೀರಿಯಾಕ್ಕೆ ಅದು ಲೆಕ್ಕಕ್ಕೇ ಇಲ್ಲ.

ಮೈಕ್ರೋಫೈಬರ್ ಮಾಪ್: ಕೊಲ್ಲುವುದರ ಜೊತೆಗೆ ಉಳಿಸುವುದೂ ಬೇಕು

ಮಾಪ್‌ನ ಎಳೆ ಸಾಮಾನ್ಯವಾಗಿ ಪಾಲಿಯೆಸ್ಟರ್ ಮತ್ತು ಪಾಲಿಅಮೈಡ್ ಕೂಡಿದ್ದು, ಹೆಚ್ಚಾಗಿ 80ಕ್ಕೆ 20ರ ಪ್ರಮಾಣದಲ್ಲಿ. ಎಳೆಯನ್ನು ಉದ್ದಕ್ಕೆ ಸೀಳಿ ಮಾಡಿದ ಅಂಚುಗಳೇ ದೂಳನ್ನು ಹಿಡಿಯುವುದು. ಒಳ್ಳೆಯ ಮಾಪನ್ನು ಒಣಗಿರುವಾಗ ಅಂಗೈ ಮೇಲೆ ಎಳೆದರೆ ಚರ್ಮದ ಸಣ್ಣ ಗೆರೆಗಳಿಗೆಲ್ಲ ಸಿಕ್ಕಿಕೊಂಡು ತಡೆಯುತ್ತದೆ. ಕೆಟ್ಟ ಮಾಪ್ ರೇಷ್ಮೆಯಂತೆ ಜಾರಿಹೋಗುತ್ತದೆ. ಒಂದು ಹನಿ ನೀರು ಬಿಟ್ಟರೆ ಒಳ್ಳೆಯದು ಹೀರುತ್ತದೆ, ಕೆಟ್ಟದರ ಮೇಲೆ ಹನಿ ಮುತ್ತಿನಂತೆ ಕೂರುತ್ತದೆ.

ಆ ಅಂಚು ಮೂರು ಕಾರಣಕ್ಕೆ ಹಾಳಾಗುತ್ತದೆ. ಕ್ಲೋರಿನ್ ಬ್ಲೀಚು ಪಾಲಿಅಮೈಡನ್ನು ಹಳದಿಗಟ್ಟಿಸಿ ಪುಡಿಮಾಡುತ್ತದೆ, ಆದ್ದರಿಂದ ಹತ್ತಿಗೆ ಸರಿಹೋದ ಆ ದಾರಿ ಇಲ್ಲಿ ಮುಚ್ಚಿದೆ. ಸಾಫ್ಟ್‌ನರ್ ಎಳೆಯ ಮೇಲೆ ಮೇಣದಂಥ ಲೇಪ ಕೊಟ್ಟು ಸೀಳುಗಳನ್ನು ತುಂಬಿಬಿಡುತ್ತದೆ. ಮೂರನೆಯದು ಅತಿಯಾದ ಬಿಸಿ, ಅದರಲ್ಲೂ ಡ್ರೈಯರಿನದು. 60ರವರೆಗೆ ಹೆಚ್ಚಿನ ಮಾಪ್‌ಗಳು ತಾಳುತ್ತವೆ. 90 ತಾಳುವ, ಆಸ್ಪತ್ರೆಯ ಬಳಕೆಗೆಂದೇ ಮಾಡಿದವೂ ಇವೆ. ಅಂಚಿನಲ್ಲಿ ಹೊಲಿದ ಲೇಬಲ್ಲೇ ಇಲ್ಲಿ ಕೊನೆಯ ಮಾತು. ಹಿಂದೆ ಫೋಮ್ ಅಂಟಿಸಿದ ಮಾಪ್ ಆದರೆ 40ಕ್ಕಿಂತ ಮೇಲೆ ಅಂಟು ಬಿಡಬಹುದು.

ಹಾಗಾಗಿ ಮಾಪ್‌ಗೆ ನಮ್ಮ ಆಯ್ಕೆ 60 ಡಿಗ್ರಿ ಮತ್ತು ದ್ರವ ಡಿಟರ್ಜೆಂಟ್. ಶೌಚಾಲಯಕ್ಕೆ ಬಳಸಿದ್ದರೆ, ಹಸಿ ಮಾಂಸದ ನೀರು ಒರೆಸಿದ್ದರೆ, ಮನೆಯಲ್ಲಿ ವಾಂತಿಭೇದಿ ಇದ್ದರೆ ಮಾತ್ರ 15ರಿಂದ 20 ಗ್ರಾಂ ಪರ್ಕಾರ್ಬೊನೇಟ್ ಸೇರಿಸಿ. ಪ್ರತಿ ಬಾರಿಯೂ ಬೇಡ. ಹತ್ತಿಯ ಜೊತೆ ಎಂದೂ ಹಾಕಬೇಡಿ, ಟವೆಲ್ಲಿನಿಂದ ಬಿಟ್ಟ ಜೂಲನ್ನೆಲ್ಲ ಮೈಕ್ರೋಫೈಬರ್ ಅಪ್ಪಿಕೊಂಡುಬಿಡುತ್ತದೆ. ಮೇಲಿನ ಲೆಕ್ಕದ ಮನೆಯಲ್ಲೇ ನಾಲ್ಕು ಮಾಪ್ ಇದ್ದರೆ ಒರೆಸುವ ಬಟ್ಟೆಯ ಸುತ್ತು ಮೊದಲು ಮುಗಿಯಲಿ, ಮಾಪ್‌ನದು ಆಮೇಲೆ.

ಹಾಕುವ ಮೊದಲಿನ ಕೆಲಸವೇ ಇಲ್ಲಿ ಹೆಚ್ಚು. ಒಣಗಿದ ಮೇಲೆ ಹೊರಗೆ ಒದರಿ ಮರಳು, ಕೂದಲು ಬೀಳಿಸಿ. ಸುತ್ತಿಕೊಂಡ ಕೂದಲನ್ನು ಬಾಚಣಿಗೆಯಿಂದ ಎಳೆಯಿರಿ, ಇಲ್ಲದಿದ್ದರೆ ಅದೆಲ್ಲ ಪಂಪಿನ ಫಿಲ್ಟರಿಗೆ ಹೋಗಿ ಕೂರುತ್ತದೆ. ಆಮೇಲೆ ಬಕೆಟ್ಟಿನಲ್ಲಿ ನೀರು ತಿಳಿಯಾಗುವವರೆಗೆ ಅದ್ದಿ ಹಿಂಡಿ. ನೆಲಕ್ಕೆ ಹಾಕುವ ಸೋಂಕುನಾಶಕಗಳಲ್ಲಿ ಹಲವು ಕ್ವಾಟ್ ಎಂಬ ಗುಂಪಿನವು, ಡಿಟರ್ಜೆಂಟಿನ ಜೊತೆ ಸೇರಿದರೆ ಎರಡೂ ಅಂಟಂಟಾದ ಬೂದು ಗಸಿಯಾಗಿ ಎಳೆಗೇ ಮೆತ್ತಿಕೊಳ್ಳುತ್ತವೆ. ಒಗೆದ ಮಾಪ್ ನೆಲದ ಮೇಲೆ ಗೆರೆಗೆರೆಯಾಗಿ ಕಲೆ ಬಿಡುತ್ತಿದ್ದರೆ ಇದೇ ಕಾರಣ. ನಾಲ್ಕು ಮಾಪ್‌ಗಳನ್ನು ಎರಡು ನೆಟ್ ಬ್ಯಾಗಿಗೆ ಹಂಚಿ ಹಾಕಿ, ಆಗ ವೆಲ್ಕ್ರೋ ಪಟ್ಟಿಗಳು ಪಕ್ಕದ ಮಾಪ್‌ನ ಎಳೆ ಕೀಳುವುದಿಲ್ಲ, ಸ್ಪಿನ್‌ನಲ್ಲಿ ತೂಕವೂ ಎರಡು ಕಡೆಗೆ ಸಮನಾಗುತ್ತದೆ.

ರಿನ್ಸ್‌ಗೆ ಹಾಕುವ ಸ್ಯಾನಿಟೈಸರ್

ಹೀಟರ್ ಇಲ್ಲದ ಮೆಷಿನ್ನು ಮತ್ತು ಬಣ್ಣದ ಬಟ್ಟೆ ಅಥವಾ ಮೈಕ್ರೋಫೈಬರ್ ಕೂಡಿದಾಗ ಇದಕ್ಕೆ ಜಾಗವಿದೆ. ಇವುಗಳಲ್ಲಿ ಹೆಚ್ಚಿನವು ಬೆನ್ಜಾಲ್ಕೋನಿಯಂ ಕ್ಲೋರೈಡ್‌ನಂಥ ಕ್ವಾಟ್‌ಗಳು. ಡಿಟರ್ಜೆಂಟ್ ಇವನ್ನು ನಿಷ್ಕ್ರಿಯ ಮಾಡುವುದರಿಂದ ಕೊನೆಯ ರಿನ್ಸ್‌ಗೆ, ಸಾಫ್ಟ್‌ನರಿನ ಡ್ರಾಯರಿಗೇ ಹಾಕಬೇಕು. ಬಾಟಲಿಯ ಮೇಲೆ ಬರೆದ ಸಮಯ ಬಹಳ ಸಲ 15 ನಿಮಿಷ ಇರುತ್ತದೆ, ಆದರೆ ಮೆಷಿನ್ನಿನ ಕೊನೆಯ ರಿನ್ಸ್ ಅದಕ್ಕಿಂತ ಚಿಕ್ಕದಿರಬಹುದು. ದ್ರವ ಇಳಿದು ಡ್ರಮ್ಮು ತಿರುಗಲು ಶುರುವಾದ ಮೇಲೆ ಪಾಜ್ ಗುಂಡಿ ಒತ್ತಿ ಉಳಿದ ಸಮಯ ನೆನೆಯಲು ಬಿಡಿ.

ಬಾಟಲಿಯ ಮೇಲಿನ "ಶೇಕಡಾ 99.9" ಎಂಬುದನ್ನು ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಒಂದು ಬಟ್ಟೆಯಲ್ಲಿ ಒಂದು ಕೋಟಿ ಬ್ಯಾಕ್ಟೀರಿಯಾ ಇದ್ದರೆ ಉಳಿಯುವುದು ಹತ್ತು ಸಾವಿರ. ಬೆಚ್ಚಗಿನ ಒದ್ದೆ ಬಟ್ಟೆಯಲ್ಲಿ ಅವು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾದವು ಎನ್ನಿ. ಹತ್ತು ಬಾರಿ ಇಮ್ಮಡಿಯಾದರೆ ಸಾವಿರ ಪಟ್ಟು, ಅಂದರೆ ಐದು ಗಂಟೆಯಲ್ಲಿ ಮತ್ತೆ ಒಂದು ಕೋಟಿ. ರಾತ್ರಿ ಮೆಷಿನ್ನು ಹಾಕಿ ಬೆಳಿಗ್ಗೆ ತೆಗೆಯುವವರ ಡ್ರಮ್ಮಿನಲ್ಲಿ ಇದೇ ನಡೆಯುತ್ತದೆ, ಯಾವ ದ್ರವ ಹಾಕಿದ್ದರೂ ಸರಿ.

ಆದ್ದರಿಂದ ಒಗೆತ ಮುಗಿದ ಅರ್ಧ ಗಂಟೆಯೊಳಗೆ ತೆಗೆದು ಒಂದೊಂದನ್ನೂ ಬಿಡಿಸಿ ಹರಡಿ. ಮಾಪ್ ಆದರೆ ಎಳೆ ಕೆಳಮುಖವಾಗಿ, ಗೋಡೆಗೆ ತಾಗದಂತೆ. ಡ್ರೈಯರ್ ಬಳಸುವವರು ಮೈಕ್ರೋಫೈಬರಿಗೆ ಕಡಿಮೆ ಬಿಸಿಯನ್ನೇ ಇಡಿ. ಎಣ್ಣೆ ಒರೆಸಿದ ಬಟ್ಟೆಯನ್ನು ಡ್ರೈಯರಿಗೆ ಹಾಕುವ ಮುನ್ನ ಮಾತ್ರ ಗಟ್ಟಿಯಾಗಿ ಪರೀಕ್ಷಿಸಿ. ನೂಲಿನಲ್ಲಿ ಉಳಿದ ಅಡುಗೆ ಎಣ್ಣೆ ಬಿಸಿಯಾದಾಗ ಗಾಳಿಯ ಆಮ್ಲಜನಕದೊಂದಿಗೆ ಸೇರಿ ತಾನೇ ಇನ್ನಷ್ಟು ಬಿಸಿ ಹುಟ್ಟಿಸುತ್ತದೆ, ಬಿಸಿಬಿಸಿ ಬಟ್ಟೆಗಳನ್ನು ಒಟ್ಟಿಟ್ಟರೆ ಹೊತ್ತಿಕೊಳ್ಳಬಹುದು. ಒಗೆದ ಮೇಲೂ ಎಣ್ಣೆಯ ವಾಸನೆ ಇದ್ದರೆ ಹಗ್ಗದ ಮೇಲೆ ಒಣಗಿಸಿ.

ಸ್ಪಂಜು

ಮೆಷಿನ್ನಿಗೆ ಹಾಕಬೇಡಿ ಎಂಬುದೇ ನಮ್ಮ ಸಲಹೆ. ಒರಟು ಪದರ ಕಿತ್ತು ಚೂರಾಗಿ ಪಂಪಿಗೆ ಸಿಕ್ಕಿಕೊಳ್ಳುತ್ತದೆ, ಸ್ಪಂಜಿನ ಒಳಗಿನ ಜಿಡ್ಡು ಮಾತ್ರ ಹೊರಬರುವುದಿಲ್ಲ. ಬಟ್ಟೆಯ ನೂಲಿನ ನಡುವೆ ನೀರು ಹಾದುಹೋಗುತ್ತದೆ, ಸ್ಪಂಜಿನ ರಂಧ್ರಗಳಲ್ಲಿ ನಿಂತುಕೊಳ್ಳುತ್ತದೆ. 2017ರಲ್ಲಿ ಜರ್ಮನಿಯ ಸಂಶೋಧಕರು ಬಳಸಿದ 14 ಸ್ಪಂಜುಗಳನ್ನು ಪರೀಕ್ಷಿಸಿದಾಗ ಕೆಲವೆಡೆ ಒಂದು ಘನ ಸೆಂಟಿಮೀಟರಿನಲ್ಲಿ 5,000 ಕೋಟಿಯಷ್ಟು ಬ್ಯಾಕ್ಟೀರಿಯಾ ಕಂಡವು. ಆಗಾಗ ಶುದ್ಧಮಾಡುತ್ತಿದ್ದೇವೆ ಎಂದವರ ಸ್ಪಂಜುಗಳೂ ಕಡಿಮೆಯೇನಿರಲಿಲ್ಲ. ವಾರಕ್ಕೊಮ್ಮೆ ಬದಲಿಸಿ ಎಂದು ಅವರು ಹೇಳಿದರು, ಅದನ್ನು ಮೀರಿದ ಉಪಾಯ ನಮಗೂ ಕಂಡಿಲ್ಲ. ಸ್ಪಂಜಿನ ಖರ್ಚು ಬೇಡವೆನ್ನುವವರು ತೆಳುವಾಗಿ ನೇಯ್ದ ಹತ್ತಿ ಬಟ್ಟೆಗೋ ಬ್ರಷ್ಷಿಗೋ ಬದಲಾಗುವುದು ಮೇಲು. ಬಟ್ಟೆ 60ರಲ್ಲಿ ಒಗೆಯಲು ಸಿಗುತ್ತದೆ, ಬ್ರಷ್ಷು ಬೇಗ ಒಣಗುತ್ತದೆ.

ಹಾಕಲೇಬೇಕಾದರೆ ಒರಟು ಪದರವಿಲ್ಲದ ಸ್ಪಂಜನ್ನು ಮಾತ್ರ, ನೆಟ್ ಬ್ಯಾಗಿನಲ್ಲಿ ಕಟ್ಟಿ, ಒರೆಸುವ ಬಟ್ಟೆಯ ಸುತ್ತಿನೊಂದಿಗೇ ಹಾಕಿ. ಹೊರಬಂದ ಸ್ಪಂಜನ್ನು ಹಿಂಡಿದಾಗ ಬೆರಳಿಗೆ ಲೋಳೆ ತಾಗಿದರೆ ಮತ್ತೊಮ್ಮೆ ಒಗೆಯುವುದು ಬೇಡ, ಕಸಕ್ಕೆ ಹಾಕಿ.

ಮೆಷಿನ್ನಿಗೂ ಒಂದು ಸುತ್ತು

ಎಲ್ಲ ಸರಿ ಮಾಡಿದರೂ ಮುಗ್ಗಲು ವಾಸನೆ ಬರುತ್ತಿದ್ದರೆ ಫ್ರಂಟ್ ಲೋಡಿನ ಬಾಗಿಲ ರಬ್ಬರ್ ಮಡಿಕೆಯೊಳಗೆ ಬೆರಳಾಡಿಸಿ ನೋಡಿ. ಕಪ್ಪು ಲೋಳೆ ಸಿಕ್ಕರೆ ಬಟ್ಟೆಗೆ ವಾಸನೆ ಅಲ್ಲಿಂದಲೇ ಬರುತ್ತಿದೆ. ಮಡಿಕೆಯನ್ನು ಒರೆಸಿ, ಡಿಟರ್ಜೆಂಟಿನ ಡ್ರಾಯರ್ ಕಳಚಿ ತೊಳೆದು, ಪಂಪಿನ ಫಿಲ್ಟರ್ ಬಿಚ್ಚಿ ತೆಗೆಯಿರಿ. ಬಿಚ್ಚುವಾಗ ಕೆಳಗೆ ತಟ್ಟೆಯಿಡಿ, ಒಂದೆರಡು ಲೋಟ ನೀರು ಬರುತ್ತದೆ. ನಂತರ ಖಾಲಿ ಡ್ರಮ್ಮಿಗೆ 100 ಗ್ರಾಂ ಪರ್ಕಾರ್ಬೊನೇಟ್ ಹಾಕಿ, ಇರುವುದರಲ್ಲೇ ಅತಿ ಬಿಸಿಯ ಪ್ರೋಗ್ರಾಮ್ ಓಡಿಸಿ. ತಿಂಗಳಿಗೊಮ್ಮೆ, ಮಾಪ್ ಒಗೆದ ದಿನವೇ, ಇದನ್ನು ಮಾಡಬಹುದು. ಮುಗಿದ ಮೇಲೆ ಬಾಗಿಲು ಮತ್ತು ಡ್ರಾಯರನ್ನು ಒಣಗುವವರೆಗೆ ತೆರೆದೇ ಬಿಡಿ.